ಸ್ಕ್ರೀನ್ ಮೇಲೆ 182.40 ಇತ್ತು, ಕೈಗೆ ಬಂದದ್ದು 176.61. ಆರ್ಡರ್ ಬುಕ್ ಓದುವುದು ಹೇಗೆ?

ತುಂಗಾತೀರ (ಮೊದಲ ಪೋಸ್ಟ್)

ನಮಸ್ಕಾರ ಎಲ್ಲರಿಗೂ. ಮಗಳ ಕಾಲೇಜು ಫೀಸಿಗೆ ಹಣ ಬೇಕಿತ್ತು. ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ ಒಂದು ಚಿಕ್ಕ ಕಂಪನಿಯ ಷೇರಿನಲ್ಲಿ 2,000 ಮಾರಿದೆ. ಒಟ್ಟು 3,500 ಇತ್ತು. ಮಧ್ಯಾಹ್ನ ಸುಮಾರು 12.40ಕ್ಕೆ ಆ್ಯಪ್ ತೆರೆದೆ, ಬೆಲೆ 182.40 ಅಂತ ತೋರಿಸುತ್ತಿತ್ತು, ಮಾರ್ಕೆಟ್ ಆರ್ಡರ್ ಒತ್ತಿದೆ. ಕ್ಷಣದಲ್ಲಿ ಆಗಿಹೋಯಿತು. ಆಮೇಲೆ ನೋಡಿದರೆ ಸರಾಸರಿ 176.61. ಲೆಕ್ಕ ಹಾಕಿದೆ, ನಾನು ಅಂದುಕೊಂಡದ್ದಕ್ಕಿಂತ 11,588 ರೂಪಾಯಿ ಕಡಿಮೆ. ಆ ಹೊತ್ತಿಗೆ ಕಂಪನಿಯ ಬಗ್ಗೆ ಯಾವ ಸುದ್ದಿಯೂ ಇರಲಿಲ್ಲ, ಮಾರುಕಟ್ಟೆಯೂ ಬಿದ್ದಿರಲಿಲ್ಲ. ಒತ್ತುವ ಮೊದಲು ತೆಗೆದಿದ್ದ ಸ್ಕ್ರೀನ್‌ಶಾಟ್ ಇದೆ, ಅದರಲ್ಲಿದ್ದ ಅಂಕಿಗಳನ್ನು ಹಾಗೇ ಹಾಕುತ್ತೇನೆ. ಬ್ರೋಕರ್ ಏನಾದರೂ ಮೋಸ ಮಾಡಿದರಾ ಅಥವಾ ನನ್ನದೇ ತಪ್ಪಾ, ಗೊತ್ತಿದ್ದವರು ಹೇಳಿ.

```
ಕೊಳ್ಳುವವರು            ಮಾರುವವರು
ಬೆಲೆ     ಸಂಖ್ಯೆ       ಬೆಲೆ     ಸಂಖ್ಯೆ
180.10    120        182.40     85
179.50    300        182.95    200
178.00    250        183.50    150
176.25    400        184.00    600
175.00  1,500        185.00  1,000
```

ಹೊಸಬಳೆ

ಅಕ್ಕಾ, ಲಿಕ್ವಿಡಿಟಿ ಬೇಕು ಅಂದರೆ ಲಿಕ್ವಿಡ್ ಫಂಡ್‌ನಲ್ಲಿ ಇಡಬೇಕಿತ್ತು. ನಾನು ಫೀಸಿನ ದುಡ್ಡೆಲ್ಲ ಅಲ್ಲೇ ಇಡುತ್ತೇನೆ. ಇವತ್ತು ಹೇಳಿದರೆ ನಾಳೆ ಬ್ಯಾಂಕಿಗೆ ಬರುತ್ತದೆ.

ತುಂಗಾತೀರ

ಸರಿಯಮ್ಮ, ಮುಂದಿನ ಸಲಕ್ಕೆ ಅದನ್ನೂ ಯೋಚಿಸುತ್ತೇನೆ. ಈಗ ಕೇಳುತ್ತಿರುವುದು ಬೇರೆ. 182.40 ಅಂತ ಬರೆದಿದ್ದ ಬೆಲೆಗೆ ನನಗೆ ಒಂದು ಷೇರೂ ಯಾಕೆ ಹೋಗಲಿಲ್ಲ?

ನಿತ್ಯವ್ಯಾಪಾರಿ

ಮೇಡಂ, ಬ್ರೋಕರ್ ಮೋಸ ಅಲ್ಲ. ಷೇರಿನಲ್ಲಿ ವಾಲ್ಯೂಮ್ ಇಲ್ಲ, ಅಷ್ಟೇ. ನಾನು ದಿನಕ್ಕೆ 40,000 ಷೇರಿಗಿಂತ ಜಾಸ್ತಿ ವಾಲ್ಯೂಮ್ ಇದ್ದರೆ ಮಾತ್ರ ಮುಟ್ಟುವುದು. ವಾಲ್ಯೂಮ್ ಇದ್ದರೆ ಯಾವ ತೊಂದರೆಯೂ ಬರುವುದಿಲ್ಲ.

ತುಂಗಾತೀರ

ಅವತ್ತು ಈ ಷೇರಿನ ವಾಲ್ಯೂಮ್ 52,000 ಇತ್ತು ಸರ್. ಈಗಷ್ಟೇ ನೋಡಿದೆ.

ಡೀಲರ್_ಹಳಬ

ಮೇಡಂ, ನಾನು ಹದಿನಾಲ್ಕು ವರ್ಷ ಬ್ರೋಕರ್ ಕಚೇರಿಯಲ್ಲಿ ಡೀಲಿಂಗ್ ಟೇಬಲ್ ಮೇಲೆ ಕೂತವನು. ಸ್ಕ್ರೀನ್‌ಶಾಟ್ ಇಟ್ಟುಕೊಂಡದ್ದು ತುಂಬ ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ.

ಮೊದಲು ಆ 182.40. ಅದು ಕಡೆಯ ಸಲ ನಡೆದ ವ್ಯಾಪಾರದ ಬೆಲೆ. ಈಗ ಯಾರೋ ನಿಮಗೆ ಕೊಡುತ್ತೇನೆ ಅನ್ನುತ್ತಿರುವ ಬೆಲೆ ಅಲ್ಲ. ಬಲಗಡೆ ಮೊದಲ ಸಾಲು ನೋಡಿ, ಅಲ್ಲೂ 182.40 ಇದೆ. ಅಂದರೆ ಸ್ವಲ್ಪ ಮುಂಚೆ ಯಾರೋ ಕೊಳ್ಳುವವರು ಬಂದು ಮಾರುವವರು ಕೇಳಿದ ಬೆಲೆಯನ್ನೇ ಕೊಟ್ಟು ಹೋಗಿದ್ದಾರೆ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಆ ಅಂಕಿ ಬಂದಿದೆ. ನೀವು ಮಾರುವವರು. ನಿಮಗೆ ಬೇಕಾದದ್ದು ಎಡಗಡೆ, ಅಂದರೆ ಬಿಡ್. ಅಲ್ಲಿ ಎಲ್ಲರಿಗಿಂತ ಜಾಸ್ತಿ ಕೊಡುವವರು 180.10 ಅನ್ನುತ್ತಿದ್ದರು, ಅದೂ ಬರೀ 120 ಷೇರಿಗೆ.

ಮಾರ್ಕೆಟ್ ಆರ್ಡರ್ ಅಂದರೆ ಏನು ಬೆಲೆ ಬಂದರೂ ಸರಿ, ಈಗಲೇ ಮಾರಿ ಅಂತ ಹೇಳಿದ ಹಾಗೆ. ಎಕ್ಸ್‌ಚೇಂಜಿನ ಕಂಪ್ಯೂಟರ್ ಅದನ್ನೇ ಮಾಡಿತು. ಮೇಲಿನಿಂದ ಒಂದೊಂದೇ ಸಾಲು ಖಾಲಿ ಮಾಡುತ್ತಾ ಕೆಳಗಿಳಿಯಿತು. 120 ಷೇರು 180.10ಕ್ಕೆ ಹೋಯಿತು. 300 ಷೇರು 179.50ಕ್ಕೆ, 250 ಷೇರು 178ಕ್ಕೆ, 400 ಷೇರು 176.25ಕ್ಕೆ. ಇಷ್ಟಕ್ಕೆ 1,070 ಆಯಿತು. ಉಳಿದ 930 ಷೇರನ್ನು 175 ರೂಪಾಯಿಗೆ ಕಾಯುತ್ತಿದ್ದವರು ತೆಗೆದುಕೊಂಡರು. ಎಲ್ಲ ಕೂಡಿಸಿ ನೋಡಿ, 3,53,212 ರೂಪಾಯಿ ಬರುತ್ತದೆ. 2,000ದಿಂದ ಭಾಗಿಸಿದರೆ ನಿಮ್ಮ 176.61. ಒಂದು ಪೈಸೆಯೂ ಆಚೀಚೆ ಹೋಗಿಲ್ಲ.

ತುಂಗಾತೀರ

ನಾನೂ ಕೂಡಿಸಿದೆ ಸರ್, ಸರಿಯಾಗಿ ಹೊಂದುತ್ತದೆ. ಇಷ್ಟು ವರ್ಷ ಆ ಎರಡು ಪಟ್ಟಿ ನೋಡಿಯೇ ಇರಲಿಲ್ಲ. ಹಾಗಾದರೆ ನನ್ನ ನಷ್ಟ 11,588 ಅಂತಲೇ ಹಿಡಿಯಬೇಕಾ?

ಡೀಲರ್_ಹಳಬ

ಇಲ್ಲ, ಸ್ವಲ್ಪ ಕಡಿಮೆ. 182.40 ನಿಮಗೆ ಸಿಗಬೇಕಿದ್ದ ಬೆಲೆಯೇ ಅಲ್ಲ, ಹಾಗಾಗಿ ಅದರಿಂದ ಅಳೆಯುವುದು ಸರಿಯಲ್ಲ. ಎಕ್ಸ್‌ಚೇಂಜಿನವರು ಅಳೆಯುವುದು ನಡುವಿನ ಬೆಲೆಯಿಂದ. 180.10 ಮತ್ತು 182.40ರ ನಡು 181.25. ಆ ಲೆಕ್ಕದಲ್ಲಿ 2,000 ಷೇರಿಗೆ 3,62,500 ಬರಬೇಕಿತ್ತು, ಬಂದದ್ದು 3,53,212. ವ್ಯತ್ಯಾಸ 9,288 ರೂಪಾಯಿ, ಅಂದರೆ 2.56%. ಇದಕ್ಕೆ ಇಂಪ್ಯಾಕ್ಟ್ ಕಾಸ್ಟ್ ಅನ್ನುತ್ತಾರೆ.

ಇದನ್ನು ನಿಮ್ಮ ಕಾಂಟ್ರಾಕ್ಟ್ ನೋಟ್ ಜೊತೆ ಹೋಲಿಸಿ. ಡೆಲಿವರಿ ಮಾರಾಟಕ್ಕೆ ಎಸ್‌ಟಿಟಿ ಅನ್ನುವ ತೆರಿಗೆ 0.1%, ನಿಮಗೆ ಸುಮಾರು 353 ರೂಪಾಯಿ ಹಿಡಿದಿರುತ್ತಾರೆ. ಬ್ರೋಕರೇಜ್ ಇನ್ನಷ್ಟು. ಜನ 20 ರೂಪಾಯಿ ಬ್ರೋಕರೇಜ್ ಉಳಿಸಲು ಬ್ರೋಕರ್ ಬದಲಿಸುತ್ತಾರೆ. ಈ 9,288 ರೂಪಾಯಿ ಮಾತ್ರ ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ನನಗೆ ಇದೇ ಬೇಜಾರು. ಅತಿ ದೊಡ್ಡ ಖರ್ಚೇ ಕಣ್ಣಿಗೆ ಕಾಣುವುದಿಲ್ಲ.

ನಿತ್ಯವ್ಯಾಪಾರಿ

ಹಳಬರೇ, ಲೆಕ್ಕ ಒಪ್ಪಿದೆ. ಆದರೆ 52,000 ವಾಲ್ಯೂಮ್ ಇದ್ದ ಷೇರಿನಲ್ಲಿ 2,000 ಮಾರುವುದಕ್ಕೆ ಬೆಲೆ ಏಳು ರೂಪಾಯಿ ಇಳಿಯುವುದು ಅಂದರೆ ನನಗೆ ಇನ್ನೂ ನಂಬಲು ಕಷ್ಟ.

ಡೀಲರ್_ಹಳಬ

ವಾಲ್ಯೂಮ್ ಅಂದರೆ ಆಗಿಹೋದ ವ್ಯಾಪಾರ ಸರ್. ಆರ್ಡರ್ ಬುಕ್ ಅಂದರೆ ಈ ನಿಮಿಷದಲ್ಲಿ ನಿಂತಿರುವ ಜನ. ಚಿಕ್ಕ ಷೇರುಗಳಲ್ಲಿ ಬೆಳಗ್ಗೆ 9.15ರಿಂದ ಮೊದಲ ಅರ್ಧ ಗಂಟೆ ಮತ್ತು ಸಂಜೆ 3ರಿಂದ 3.30, ಇಷ್ಟರಲ್ಲೇ ಹೆಚ್ಚಿನ ವ್ಯಾಪಾರ ಮುಗಿದಿರುತ್ತದೆ. ಮಧ್ಯಾಹ್ನ 12.40ಕ್ಕೆ ಊಟದ ಹೊತ್ತು, ಪುಸ್ತಕ ಬರಿದಾಗಿರುತ್ತದೆ. ಇಲ್ಲವೇ ಯಾರೋ ಇಬ್ಬರ ನಡುವೆ 30,000 ಷೇರಿನ ಒಂದೇ ವ್ಯಾಪಾರ ಆಗಿ ವಾಲ್ಯೂಮ್ ಉಬ್ಬಿರುತ್ತದೆ. ಸಂತೆಗೆ ಬೆಳಗ್ಗೆ ಸಾವಿರ ಜನ ಬಂದಿದ್ದರು ಅಂದ ಮಾತ್ರಕ್ಕೆ ನೀವು ಹೋದ ಮಧ್ಯಾಹ್ನ ಗಿರಾಕಿ ಇರುತ್ತಾರೆ ಅಂತಲ್ಲ, ಅಲ್ವಾ? ವಾಲ್ಯೂಮ್ ನೋಡುವುದು ತಪ್ಪಲ್ಲ. ಅದೊಂದೇ ಸಾಲದು.

ಅಡಿಕೆತೋಟ

ಸಂತೆ ಅಂದಿರಲ್ಲ, ನನ್ನದೊಂದು ಮಾತು. ನಾನು ಶಿರಸಿ ಕಡೆಯವನು. ನಮ್ಮಲ್ಲಿ ಅಡಿಕೆ ಟೆಂಡರಿಗೆ ಬಿಟ್ಟರೆ ವ್ಯಾಪಾರಿಗಳು ರಾಶಿ ನೋಡಿ ಬೆಲೆ ಬರೆಯುತ್ತಾರೆ, ಒಬ್ಬರ ಬೆಲೆ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಕಡೆಗೆ ಎಲ್ಲಕ್ಕಿಂತ ಜಾಸ್ತಿ ಬರೆದವರಿಗೆ ರಾಶಿ. ಬೆಲೆ ಹಿಡಿಸದಿದ್ದರೆ ನಾವು ಕೊಡುವುದಿಲ್ಲ. ಇಡೀ ರಾಶಿಗೆ ಒಂದೇ ಬೆಲೆ. ಮೊದಲ ಚೀಲಕ್ಕೆ ಒಂದು ಬೆಲೆ, ಹತ್ತನೇ ಚೀಲಕ್ಕೆ ಇನ್ನೊಂದು ಅಂತ ಇಲ್ಲ. ಷೇರು ಪೇಟೆಯಲ್ಲೂ ಹಾಗೆ ಮಾಡಿದ್ದರೆ ಈ ಮೇಡಂಗೆ ತೊಂದರೆ ಆಗುತ್ತಿರಲಿಲ್ಲವಲ್ಲ?

ಡೀಲರ್_ಹಳಬ

ಒಳ್ಳೆಯ ಪ್ರಶ್ನೆ. ಸ್ವಲ್ಪ ಹಾಗೆಯೇ ಇರುವುದು ಇಲ್ಲೂ ಇದೆ. ಬೆಳಗ್ಗೆ 9ಕ್ಕೆ ಪ್ರೀ-ಓಪನ್ ಶುರುವಾಗುತ್ತದೆ. ಸುಮಾರು ಎಂಟು ನಿಮಿಷ ಆರ್ಡರ್ ಸೇರಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲಿ ಅತಿ ಹೆಚ್ಚು ಷೇರು ಕೈಬದಲಾಗುತ್ತದೋ ಆ ಒಂದೇ ಬೆಲೆಗೆ ಎಲ್ಲ ವ್ಯಾಪಾರ ಮುಗಿಸುತ್ತಾರೆ. ಇನ್ನೂ ಬರಿದಾದ ಷೇರುಗಳಿಗೆ ಸೆಬಿ 2013ರಲ್ಲಿ ದಿನವಿಡೀ ಹೀಗೆ ಗಂಟೆಗೊಂದು ಹರಾಜು ಅಂತ ಮಾಡಿತು. ಜನ ಒಟ್ಟಿಗೆ ಸೇರುವುದರಿಂದ ಬಿಡ್‌ಗೂ ಮಾರುವವರು ಕೇಳುವ ಆಸ್ಕ್‌ಗೂ ನಡುವಿನ ಸ್ಪ್ರೆಡ್ ಅನ್ನುವ ಕಂದಕವೇ ಇರುವುದಿಲ್ಲ. ಆದರೆ ಕಾಯಬೇಕು. ಈಗಲೇ ಬೇಕು ಅನ್ನುವವರಿಗೆ ಅದು ಆಗುವುದಿಲ್ಲ. ಸ್ಪ್ರೆಡ್ ಅಂದರೆ ಕಾಯದೇ ಇರುವುದಕ್ಕೆ ಕೊಡುವ ಬೆಲೆ ಅಂತ ತಿಳಿಯಿರಿ.

ಆ ಬೆಲೆ ತೆಗೆದುಕೊಳ್ಳುವವರೂ ಪುಕ್ಕಟೆ ತೆಗೆದುಕೊಳ್ಳುವುದಿಲ್ಲ. 180.10ಕ್ಕೆ ಬಿಡ್ ಹಾಕಿ ಕೂತವನಿಗೂ ಭಯ ಇರುತ್ತದೆ. ಎದುರು ಮಾರಲು ಬಂದವನಿಗೆ ನನಗೆ ಗೊತ್ತಿಲ್ಲದ್ದು ಏನಾದರೂ ಗೊತ್ತಿದೆಯಾ ಅಂತ. ಅದಕ್ಕೇ ಕಂಪನಿ ರಿಸಲ್ಟ್ ಬರುವ ದಿನ, ಬೋರ್ಡ್ ಮೀಟಿಂಗ್ ನಡೆಯುತ್ತಿರುವಾಗ ನೋಡಿ, ಅದೇ ಷೇರಿನ ಸ್ಪ್ರೆಡ್ ಅಗಲ ಆಗಿರುತ್ತದೆ. ಬಿಡ್ ಹಾಕಿದವರು ಹಿಂದೆ ಸರಿದು ನಿಂತಿರುತ್ತಾರೆ.

ಕೋಲಾರದ_ಹುಡುಗ

ಸ್ಪ್ರೆಡ್ ಚಿಕ್ಕದಿದ್ದರೆ ಲಿಕ್ವಿಡ್, ದೊಡ್ಡದಿದ್ದರೆ ಅಲ್ಲ. ಇಷ್ಟೇ ತಾನೇ? ನನ್ನ ಹತ್ತಿರ ಒಂದು 9 ರೂಪಾಯಿಯ ಷೇರಿದೆ. ಬಿಡ್ 9.00, ಆಸ್ಕ್ 9.01. ಒಂದೇ ಪೈಸೆ ಸ್ಪ್ರೆಡ್! ನಮ್ಮಪ್ಪನ ಹತ್ತಿರ ದೊಡ್ಡ ಬ್ಯಾಂಕಿನ ಷೇರಿದೆ, ಸುಮಾರು 900 ರೂಪಾಯಿ, ಅದರಲ್ಲಿ ಐದು ಪೈಸೆ ಸ್ಪ್ರೆಡ್. ಅಂದರೆ ನನ್ನದೇ ಐದು ಪಟ್ಟು ಜಾಸ್ತಿ ಲಿಕ್ವಿಡ್.

ಡೀಲರ್_ಹಳಬ

ಅರ್ಧ ಸರಿ ತಮ್ಮಾ. ರೂಪಾಯಿ ಪೈಸೆಯಲ್ಲಿ ಹೋಲಿಸಬೇಡ, ಬೆಲೆಯ ಎಷ್ಟು ಪಾಲು ಅಂತ ನೋಡು. 9 ರೂಪಾಯಿಗೆ ಒಂದು ಪೈಸೆ ಅಂದರೆ 0.11%. 900 ರೂಪಾಯಿಗೆ ಐದು ಪೈಸೆ ಅಂದರೆ 0.006% ಕೂಡ ಇಲ್ಲ. ನಿಮ್ಮಪ್ಪನ ಷೇರು ಸುಮಾರು ಇಪ್ಪತ್ತು ಪಟ್ಟು ಅಗ್ಗವಾಗಿ ಕೈಬದಲಾಗುತ್ತದೆ. ಈ ಮೇಡಂ ಷೇರಿನಲ್ಲಿ 181.25ಕ್ಕೆ 2.30 ಸ್ಪ್ರೆಡ್, ಅಂದರೆ 1.27%. ಒಂದು ಷೇರು ಕೊಂಡು ಮರುಕ್ಷಣ ಮಾರಿದರೂ ಅಷ್ಟು ಹೋಗುತ್ತದೆ.

ಇನ್ನೊಂದು ವಿಷಯ. ಆ ಒಂದು ಪೈಸೆ ನಿನ್ನ ಷೇರಿನ ಗುಣ ಅಲ್ಲ, ಎಕ್ಸ್‌ಚೇಂಜಿನ ನಿಯಮ. ಬೆಲೆ ಎಷ್ಟೆಷ್ಟರ ಮೆಟ್ಟಿಲಲ್ಲಿ ಏರಿಳಿಯಬಹುದು ಅಂತ ಟಿಕ್ ಸೈಜ್ ಇಡುತ್ತಾರೆ. 250ಕ್ಕಿಂತ ಕೆಳಗಿನ ಷೇರಿಗೆ ಎನ್‌ಎಸ್‌ಇ 2024ರ ಜೂನ್‌ನಲ್ಲಿ ಅದನ್ನು ಐದು ಪೈಸೆಯಿಂದ ಒಂದು ಪೈಸೆಗೆ ಇಳಿಸಿತು. ಅದಕ್ಕಿಂತ ಚಿಕ್ಕ ಸ್ಪ್ರೆಡ್ ಸಾಧ್ಯವೇ ಇಲ್ಲ. ಸ್ಪ್ರೆಡ್ ಕೆಳಗಿನ ಮೆಟ್ಟಿಲಿಗೆ ತಾಗಿ ನಿಂತುಬಿಟ್ಟರೆ ಅದರಿಂದ ಹೆಚ್ಚು ತಿಳಿಯುವುದಿಲ್ಲ. ಆಗ ನೋಡಬೇಕಾದದ್ದು ಸಾಲು. ನಿನ್ನ ಷೇರಿನಲ್ಲಿ 9.01ಕ್ಕೆ ಎಷ್ಟು ಸಂಖ್ಯೆ ಇದೆ?

ಕೋಲಾರದ_ಹುಡುಗ

6,40,000 ಅಣ್ಣ.

ಡೀಲರ್_ಹಳಬ

ನೋಡಿದೆಯಾ. ಒಂದೇ ಬೆಲೆಯಲ್ಲಿ ಮೊದಲು ಬಂದವರಿಗೆ ಮೊದಲು. ನೀನು 9.01ಕ್ಕೆ ಮಾರಲು ಈಗ ಆರ್ಡರ್ ಹಾಕಿದರೆ ಆರು ಲಕ್ಷ ಷೇರು ಮುಗಿದ ಮೇಲೆ ನಿನ್ನ ಸರದಿ. ಇಲ್ಲಿ ನಿನ್ನ ಖರ್ಚು ಪೈಸೆಯಲ್ಲಿಲ್ಲ, ಸಾಲಿನಲ್ಲಿ ನಿಲ್ಲುವ ಹೊತ್ತಿನಲ್ಲಿದೆ.

ಕಾವೇರಿ_ತೀರ

ನಾನು ಬೇರೆ ಮಾತು ಹೇಳುತ್ತೇನೆ. ಡೆಪ್ತ್ ಅನ್ನುವ ಆ ಎರಡು ಪಟ್ಟಿಯ ಕೆಳಗೆ ಒಟ್ಟು ಕೊಳ್ಳುವವರು, ಒಟ್ಟು ಮಾರುವವರು ಅಂತ ಎರಡು ಅಂಕಿ ಬರುತ್ತದಲ್ಲ, ನಾನು ಅದನ್ನೇ ನೋಡುವುದು. ಕೊಳ್ಳುವವರು ಎರಡು ಪಟ್ಟು ಇದ್ದರೆ ಬೆಲೆ ಏರುತ್ತದೆ. ಬೆಳಗ್ಗೆ ಹೊತ್ತು ಇದು ನನಗೆ ಹಲವು ಸಲ ಕೈಹಿಡಿದಿದೆ.

ಡೀಲರ್_ಹಳಬ

ಆ ಅಂಕಿಯನ್ನು ನಾನು ನಂಬುವುದಿಲ್ಲ. ಅದರಲ್ಲಿ 150 ರೂಪಾಯಿಗೆ, 160 ರೂಪಾಯಿಗೆ ಸಿಕ್ಕರೆ ಸಿಗಲಿ ಅಂತ ಹಾಕಿಟ್ಟ ಆರ್ಡರ್‌ಗಳೂ ಸೇರಿರುತ್ತವೆ. 180 ರೂಪಾಯಿಗೆ ಮಾರುವವರಿಗೆ ಅವರಿಂದ ಏನು ಪ್ರಯೋಜನ? ಇನ್ನೊಂದು, ಆರ್ಡರ್ ಹಾಕುವುದಕ್ಕೂ ತೆಗೆಯುವುದಕ್ಕೂ ಕಾಸಿಲ್ಲ. ಕೊಳ್ಳುವ ಮನಸ್ಸಿಲ್ಲದೆ ದೊಡ್ಡ ಸಂಖ್ಯೆ ತೋರಿಸಿ, ಬೆಲೆ ಹತ್ತಿರ ಬಂದಾಗ ಎತ್ತಿಬಿಡುವವರು ಇದ್ದಾರೆ. ಸ್ಪೂಫಿಂಗ್ ಅನ್ನುತ್ತಾರೆ. ಲಂಡನ್ ಹತ್ತಿರದ ಮನೆಯಲ್ಲಿ ಕೂತು ಅಮೆರಿಕದ ಫ್ಯೂಚರ್ಸ್ ಪೇಟೆಯಲ್ಲಿ ಇದನ್ನು ಮಾಡಿದ ನವಿಂದರ್ ಸರಾವ್ ಕೇಸ್ ಎಲ್ಲರಿಗೂ ಗೊತ್ತಿರುವುದೇ. 2010ರ ಮೇ 6ರ ಕುಸಿತದ ದಿನವೂ ಅವನು ಹಾಗೆ ಆರ್ಡರ್ ಹಾಕುತ್ತಿದ್ದ. ಆಮೇಲೆ ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ.

ಕಾವೇರಿ_ತೀರ

ಅದು ಗೊತ್ತು. ಆದರೂ ಎಲ್ಲ ಸುಳ್ಳು ಆರ್ಡರ್ ಆಗಿರಲು ಸಾಧ್ಯವಿಲ್ಲ. ನನ್ನ ಅನುಭವ ನನಗಿದೆ.

ಡೀಲರ್_ಹಳಬ

ಇರಬಹುದು. ಮೇಲಿನ ಒಂದೆರಡು ಸಾಲಿನ ತೂಕಕ್ಕೆ ಕೆಲವು ಕ್ಷಣದ ಮಟ್ಟಿಗೆ ಅರ್ಥ ಇದೆ, ಅದನ್ನು ನಾನೂ ಒಪ್ಪುತ್ತೇನೆ. ಕೆಳಗಿನ ಒಟ್ಟು ಅಂಕಿಗೆ ಇದೆ ಅನ್ನುವುದನ್ನು ಒಪ್ಪುವುದಿಲ್ಲ. ಇದರಲ್ಲಿ ನಾವಿಬ್ಬರೂ ಬೇರೆ ಬೇರೆ ಕಡೆ ನಿಂತಿದ್ದೇವೆ, ಇರಲಿ.

ತುಂಗಾತೀರ

ನನಗೆ ಉಳಿದ 1,500 ಷೇರಿನ ಚಿಂತೆ. ಮಾರ್ಕೆಟ್ ಆರ್ಡರ್ ಹಾಕುವುದಿಲ್ಲ, ಅದು ಖಂಡಿತ. ಮತ್ತೆ ಹೇಗೆ?

ಡೀಲರ್_ಹಳಬ

ಮೊದಲು ಎನ್‌ಎಸ್‌ಇ, ಬಿಎಸ್‌ಇ ಎರಡೂ ಕಡೆಯ ಡೆಪ್ತ್ ತೆರೆಯಿರಿ. ಒಂದೇ ಷೇರು, ಪುಸ್ತಕ ಬೇರೆ ಬೇರೆ. ಒಂದರಲ್ಲಿ ಬಿಡ್ ಇಲ್ಲದಾಗ ಇನ್ನೊಂದರಲ್ಲಿ ಇರುತ್ತದೆ.

ಆಮೇಲೆ ನಿಮ್ಮ ಸಂಖ್ಯೆಯನ್ನು ಎಡಗಡೆ ಸಾಲುಗಳ ಮೇಲೆ ಇಳಿಸಿ ನೋಡಿ, ಮೇಲೆ ನಾನು ಮಾಡಿದ ಹಾಗೆ. ಸ್ಪ್ರೆಡ್ ಹೇಳುವುದು ಮೊದಲ ನೂರಿನ್ನೂರು ಷೇರಿನ ಕತೆ ಮಾತ್ರ. ಅವತ್ತು ನೀವು 100 ಷೇರು ಮಾರಿದ್ದರೆ 180.10 ಸಿಗುತ್ತಿತ್ತು, ಖರ್ಚು 0.63%, ಅಂದರೆ ಸ್ಪ್ರೆಡ್ಡಿನ ಅರ್ಧ. 2,000 ಆದಾಗ ಅದು 2.56% ಆಯಿತು. ಪುಸ್ತಕ ಅದೇ, ಸ್ಪ್ರೆಡ್ ಅದೇ, ಬದಲಾದದ್ದು ನಿಮ್ಮ ಸಂಖ್ಯೆ. ನಿಫ್ಟಿ 50ಕ್ಕೆ ಷೇರು ಆರಿಸುವಾಗಲೂ ಎನ್‌ಎಸ್‌ಇ ಬರೀ ಸ್ಪ್ರೆಡ್ ನೋಡುವುದಿಲ್ಲ. 10 ಕೋಟಿ ರೂಪಾಯಿಯ ಬುಟ್ಟಿ ಇಟ್ಟುಕೊಂಡು, ಆರು ತಿಂಗಳಲ್ಲಿ ನೋಡಿದ ಸಲಗಳಲ್ಲಿ 90% ಸಲ ಇಂಪ್ಯಾಕ್ಟ್ ಕಾಸ್ಟ್ ಅರ್ಧ ಪರ್ಸೆಂಟ್ ಒಳಗಿದೆಯಾ ಅಂತ ನೋಡುತ್ತದೆ.

ಮೂರನೆಯದು ಫೋಟೋದಲ್ಲಿ ಕಾಣುವುದಿಲ್ಲ, ಹತ್ತು ನಿಮಿಷ ಕೂತು ನೋಡಬೇಕು. ಒಂದು ಸಾಲು ಖಾಲಿಯಾದ ಮೇಲೆ ಎಷ್ಟು ಬೇಗ ತುಂಬುತ್ತದೆ? ಒಳ್ಳೆಯ ಬಾವಿಯಲ್ಲಿ ಎರಡು ಕೊಡ ಎತ್ತಿದರೆ ನೀರು ಮತ್ತೆ ಬರುತ್ತದೆ. ಬೇಗ ತುಂಬುವ ಷೇರಿನಲ್ಲಿ ಮುನ್ನೂರು ಮುನ್ನೂರು ಮಾಡಿ, ನಡುವೆ ಬಿಡುವು ಕೊಟ್ಟು, ಇದಕ್ಕಿಂತ ಕಡಿಮೆ ಬೆಲೆಗೆ ಬೇಡ ಅಂತ ಲಿಮಿಟ್ ಹಾಕಿ ಮಾರಬಹುದು. ತುಂಬದೇ ಇದ್ದರೆ ಇನ್ನೊಂದು ದಿನಕ್ಕೆ ಬಿಡಿ.

ನಿತ್ಯವ್ಯಾಪಾರಿ

ಇದನ್ನು ಸೇರಿಸುತ್ತೇನೆ. ಬಿಡ್‌ಗೇ ಹೋಗಿ ಮಾರಬೇಕು ಅಂತಿಲ್ಲ ಮೇಡಂ. ಆಸ್ಕ್‌ಗಿಂತ ಐದು ಹತ್ತು ಪೈಸೆ ಕೆಳಗೆ ಲಿಮಿಟ್ ಹಾಕಿ ಕೂತರೆ ಮಾರುವವರ ಸಾಲಿನಲ್ಲಿ ನೀವೇ ಮೊದಲು. ಕೊಳ್ಳಲು ಬಂದವರು ನಿಮ್ಮಿಂದಲೇ ತೆಗೆದುಕೊಳ್ಳುತ್ತಾರೆ. ಯಾರೂ ಬರದೆ ಬೆಲೆಯೇ ಕೆಳಗೆ ಹೋದರೆ ಮಾತ್ರ ಕಷ್ಟ.

ಮಂಗಳೂರಿನವ

ನನ್ನ ಅನುಭವ ಇದಕ್ಕಿಂತ ಕೆಟ್ಟದ್ದು. ನಾನು ಸ್ಪ್ರೆಡ್ ನೋಡಿಯೇ ಒಂದು ಷೇರು ಕೊಂಡಿದ್ದೆ, ಬರೀ 0.2% ಇತ್ತು. ಎರಡು ತಿಂಗಳ ಮೇಲೆ ಕೆಟ್ಟ ಸುದ್ದಿ ಬಂದು, ಒಂದು ದಿನದಲ್ಲಿ ಇಳಿಯಬಹುದಾದ ಮಿತಿಗೆ ಬೆಲೆ ತಾಗಿ ಲೋಯರ್ ಸರ್ಕ್ಯೂಟ್ ಬಿತ್ತು. ಎಡಗಡೆ ಪೂರ್ತಿ ಸೊನ್ನೆ, ಬಲಗಡೆ ಲಕ್ಷಗಟ್ಟಲೆ. ಸ್ಪ್ರೆಡ್ ಅಂತ ಲೆಕ್ಕ ಹಾಕಲು ಎರಡನೇ ಬೆಲೆಯೇ ಇಲ್ಲ. ನಾಲ್ಕು ದಿನ ಪ್ರತಿ ಬೆಳಗ್ಗೆ 9ಕ್ಕೆ ಆರ್ಡರ್ ಹಾಕಿದೆ, ಐದನೇ ದಿನ ಹೋಯಿತು. 5% ಸರ್ಕ್ಯೂಟ್ ಇದ್ದ ಷೇರು ಅದು.

ಡೀಲರ್_ಹಳಬ

ಹೌದು, ಇದು ಎಲ್ಲರೂ ತಿಳಿದಿರಬೇಕಾದ ಮಾತು. ಇವತ್ತಿನ ಸ್ಪ್ರೆಡ್ ಇವತ್ತಿನದು. ನಿಮಗೆ ಹೊರಬರಲೇಬೇಕಾದ ದಿನ ಎಲ್ಲರಿಗೂ ಹೊರಬರಬೇಕಾಗಿರುತ್ತದೆ, ಅವತ್ತಿನ ಪುಸ್ತಕವನ್ನು ಇವತ್ತು ಓದಲು ಆಗುವುದಿಲ್ಲ. ನಾನು ಚಿಕ್ಕ ಷೇರು ಕೊಳ್ಳುವ ಮೊದಲು ಅದರ ಸರ್ಕ್ಯೂಟ್ ಮಿತಿ ಎಷ್ಟು ಅಂತ ನೋಡುತ್ತೇನೆ. 5% ಅಥವಾ 2% ಇದ್ದರೆ ಸಂಖ್ಯೆ ಕಡಿಮೆ ಮಾಡುತ್ತೇನೆ.

ತುಂಗಾತೀರ (ಎರಡು ದಿನದ ನಂತರ)

ಏನಾಯಿತು ಅಂತ ಹೇಳುತ್ತೇನೆ. ಇವತ್ತು 11.20ಕ್ಕೆ ನೋಡಿದಾಗ ಬಿಡ್ 178.60ಕ್ಕೆ 200, ಆಸ್ಕ್ 180.00. ನಾನು 300 ಷೇರನ್ನು 179.90ಕ್ಕೆ ಲಿಮಿಟ್ ಹಾಕಿದೆ. ನಲವತ್ತು ನಿಮಿಷದಲ್ಲಿ ಮೂರು ತುಂಡಾಗಿ ಹೋಯಿತು. ಆಮೇಲೆ ವಿಚಿತ್ರ ಕಂಡೆ. 178.60ರಲ್ಲಿ 200 ಇತ್ತಲ್ಲ, ನಾನು 200 ಮಾರಿದೆ, ಮರುಕ್ಷಣ ಅದೇ ಬೆಲೆಗೆ ಮತ್ತೆ 200 ಬಂತು. ಮತ್ತೆ ಮಾರಿದೆ, ಮತ್ತೆ 200. ಹೀಗೆ ನಾಲ್ಕು ಸಲ, 800 ಷೇರು ಒಂದೇ ಬೆಲೆಗೆ ಹೋಯಿತು. ನಡುವಿನ ಬೆಲೆ 179.30, ಹಾಗಾಗಿ ಆ 800ಕ್ಕೆ ಖರ್ಚು 0.39% ಅಂತ ನಾನೇ ಲೆಕ್ಕ ಹಾಕಿದೆ. ಐದನೇ ಸಲ 60 ಬಂತು, ನಾನು ಒತ್ತುವಷ್ಟರಲ್ಲಿ ಅದು ಮಾಯ. ಈಗ ಬಿಡ್ 177.20. ಇನ್ನು 400 ಉಳಿದಿದೆ. ಇದು ಯಾರು?

ಡೀಲರ್_ಹಳಬ

ಡಿಸ್‌ಕ್ಲೋಸ್ಡ್ ಕ್ವಾಂಟಿಟಿ ಹಾಕಿ ಕೂತ ಕೊಳ್ಳುವವರು ಇರಬೇಕು ಮೇಡಂ. ಪೂರ್ತಿ ಆರ್ಡರ್ ತೋರಿಸದೆ ತುಂಡು ತುಂಡಾಗಿ ತೋರಿಸುವುದು. ಎನ್‌ಎಸ್‌ಇಯಲ್ಲಿ ಕನಿಷ್ಠ 10% ತೋರಿಸಲೇಬೇಕು, ಹಾಗಾಗಿ 200 ಕಂಡರೆ ಒಟ್ಟು ಆರ್ಡರ್ ಹೆಚ್ಚೆಂದರೆ 2,000. ಪುಸ್ತಕ ಯಾವಾಗಲೂ ಬರಿದಾಗಿ ಕಂಡಷ್ಟು ಬರಿದಾಗಿರುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ. ನಿಮ್ಮಂತೆ ಸ್ವಲ್ಪ ಸ್ವಲ್ಪ ಮಾರಿ ನೋಡಿದವರಿಗೆ ಮಾತ್ರ ಇದು ಗೊತ್ತಾಗುತ್ತದೆ. ಒಂದೇ ಏಟಿಗೆ ಮಾರ್ಕೆಟ್ ಆರ್ಡರ್ ಒತ್ತಿದರೆ ಅವರು ಅಲ್ಲಿದ್ದರು ಅನ್ನುವುದೇ ನಿಮಗೆ ತಿಳಿಯುತ್ತಿರಲಿಲ್ಲ.

ಕೋಲಾರದ_ಹುಡುಗ

ಕಡೆಗೆ ಬಂದ 60 ಅಂದರೆ ಅವರ ಆರ್ಡರ್ ಮುಗಿಯಿತು ಅಂತಲಾ? 800 ಪ್ಲಸ್ 60, ಒಟ್ಟು 860?

ಡೀಲರ್_ಹಳಬ

ಮೇಡಂ ಒಬ್ಬರೇ ಮಾರಿದ್ದರೆ ಹಾಗಿರಬಹುದು. ಮಧ್ಯೆ ಬೇರೆಯವರೂ ಮಾರಿದ್ದರೆ ಒಟ್ಟು ಇನ್ನೂ ಜಾಸ್ತಿ. ಅಥವಾ ಆ 60 ಬೇರೆ ಯಾರದ್ದೋ ಆರ್ಡರ್, ಹಾಕಿ ತೆಗೆದಿರಬಹುದು. ಮೇಡಂ, 178.60ರಲ್ಲಿ ಆ ಹೊತ್ತಿಗೆ ಒಟ್ಟು ಎಷ್ಟು ಷೇರು ವ್ಯಾಪಾರ ಆಯಿತು ಅಂತ ನೋಡಿದಿರಾ?

ತುಂಗಾತೀರ

ಇಲ್ಲ ಸರ್, ನಾನು ಬಿಡ್ ಮಾತ್ರ ನೋಡುತ್ತಿದ್ದೆ. ನಾಳೆ ಉಳಿದ 400 ಮಾರುವಾಗ ಅದನ್ನೂ ಬರೆದುಕೊಳ್ಳುತ್ತೇನೆ.